ಮಾಯವಾಗುವ ಸಂದೇಶ: ಅಳಿಯುವುದೆಷ್ಟು, ಉಳಿಯುವುದೆಷ್ಟು?

ಕಡೂರು ತಾಲ್ಲೂಕಿನ ಚೌಳಹಿರಿಯೂರಿನ ರೈತನೊಬ್ಬ ತಿಪಟೂರಿನ ವರ್ತಕನಿಗೆ ಇಪ್ಪತ್ತು ಕ್ವಿಂಟಲ್ ಕೊಬ್ಬರಿ ಮಾರಲು ಒಪ್ಪಿದನೆಂದು ಭಾವಿಸಿರಿ. ಸೋಮವಾರ ರಾತ್ರಿ 9 ಗಂಟೆಗೆ ವರ್ತಕ ವಾಟ್ಸ್‌ಆ್ಯಪ್‌ನಲ್ಲಿ ದರವನ್ನೂ, ಶುಕ್ರವಾರ ಪೂರ್ತಿ ಹಣ ಕೊಡುವುದಾಗಿಯೂ ಬರೆದು ಕಳುಹಿಸುತ್ತಾನೆ. ಮಂಗಳವಾರ ಮಾಲು ಸಾಗುತ್ತದೆ. ಶುಕ್ರವಾರ ಬಂದಾಗ ವರ್ತಕ ಹೇಳುವ ದರವೇ ಬೇರೆ. ರೈತ ಮೊಬೈಲ್ ತೆರೆದು ನೋಡಿದರೆ ಆ ಸಂದೇಶವೇ ಇಲ್ಲ. ಇಬ್ಬರ ಸಂಭಾಷಣೆಗೆ ವರ್ತಕ 24 ಗಂಟೆಗಳ ಗಡುವು ಹಾಕಿದ್ದ. ಮಂಗಳವಾರ ರಾತ್ರಿ 9ಕ್ಕೆ ಮಾತು ತಾನಾಗಿ ಅಳಿಸಿಹೋಗಿತ್ತು.

ಈ ಕಥೆ ಕಲ್ಪಿತ. ಆದರೆ ಅದರಲ್ಲಿನ ಸೌಲಭ್ಯ ಕಲ್ಪಿತವಲ್ಲ. ವಾಟ್ಸ್‌ಆ್ಯಪ್ 2020ರ ನವೆಂಬರ್‌ನಲ್ಲಿ ಏಳು ದಿನಗಳಲ್ಲಿ ಮಾಯವಾಗುವ ಸಂದೇಶಗಳನ್ನು ಪರಿಚಯಿಸಿತು. 2021ರ ಡಿಸೆಂಬರ್‌ನಲ್ಲಿ 24 ಗಂಟೆ ಹಾಗೂ 90 ದಿನಗಳ ಗಡುವುಗಳೂ ಸೇರಿದವು. ಸಿಗ್ನಲ್‌ನಲ್ಲಿ ಇಂಥದ್ದೊಂದು ವ್ಯವಸ್ಥೆ 2016ರಿಂದಲೇ ಇದೆ. ಸಂದೇಶ ಕಳುಹಿಸಿದ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ ಎಂಬುದು ವಾಟ್ಸ್‌ಆ್ಯಪ್‌ನ ಕ್ರಮ. ಸಿಗ್ನಲ್‌ನಲ್ಲಾದರೋ, ಪಡೆದವನು ಓದಿದ ಬಳಿಕವೇ ಅವನ ಕಡೆಯ ಎಣಿಕೆ ಆರಂಭವಾಗುತ್ತದೆ. ಗಡುವು ಹಾಕಿದಾಗ ಸಂಭಾಷಣೆಯ ನಡುವೆ ಅದನ್ನು ತಿಳಿಸುವ ಒಂದು ಸಣ್ಣ ಸಾಲು ಕಾಣಿಸಿಕೊಳ್ಳುತ್ತದೆ. ಅದನ್ನು ಓದುವವರು ಎಷ್ಟು ಮಂದಿ? ಇಬ್ಬರ ನಡುವಿನ ಸಂಭಾಷಣೆಯಲ್ಲಿ ಯಾರು ಬೇಕಾದರೂ ಈ ಗಡುವನ್ನು ತೆಗೆಯಬಹುದು. ಆದರೆ ಅದು ಮುಂದಿನ ಸಂದೇಶಗಳಿಗೆ ಮಾತ್ರ ಅನ್ವಯ.

2023ರಲ್ಲಿ ಬಂದ ಇನ್ನೊಂದು ಸೌಲಭ್ಯದ ಪ್ರಕಾರ, ಬೇಕಾದ ಸಂದೇಶವನ್ನು ಒತ್ತಿ ಹಿಡಿದು ಸಂಭಾಷಣೆಯಲ್ಲೇ ಉಳಿಸಿಕೊಳ್ಳಬಹುದು. ಆದರೆ ಹಾಗೆ ಉಳಿಸಿಕೊಂಡದ್ದು ಕಳುಹಿಸಿದವನಿಗೆ ತಿಳಿಯುತ್ತದೆ, ಬೇಡವೆನ್ನುವ ಹಕ್ಕೂ ಅವನಿಗಿದೆ. ಅಂದರೆ ರೈತನ ಪಾಲಿನ ಸಾಕ್ಷ್ಯದ ಬೀಗದ ಕೈ ವರ್ತಕನ ಬಳಿಯೇ ಇದ್ದಂತಾಯಿತು.

ಹಾಗಾದರೆ ಮಾತು ನಿಜಕ್ಕೂ ಅಳಿಯಿತೇ? ಗಡುವು ಅಳಿಸುವುದು ಸಂಭಾಷಣೆಯ ಪರದೆಯಲ್ಲಿರುವ ಪ್ರತಿಯನ್ನು ಮಾತ್ರ. ಅದೇ ಮಾತು ಬೇರೆಡೆಗೆ ಹರಿದಿದ್ದರೆ ಅಲ್ಲಿಗೆ ಗಡುವಿನ ಕೈ ಚಾಚುವುದಿಲ್ಲ. ರೈತ ಆ ಸಂದೇಶವನ್ನು ಬೆಂಗಳೂರಿನಲ್ಲಿರುವ ಮಗನಿಗೆ ಕಳುಹಿಸಿದ್ದರೆ, ಮತ್ತು ಅಪ್ಪ-ಮಗನ ಸಂಭಾಷಣೆಗೆ ಗಡುವಿಲ್ಲದಿದ್ದರೆ, ಅಲ್ಲಿ ಅದು ಶಾಶ್ವತವಾಗಿ ಉಳಿಯುತ್ತದೆ. ಮಂಗಳವಾರ ಸಂಜೆ ಅದೇ ಸಂದೇಶವನ್ನು ಎತ್ತಿ ಹಿಡಿದು ‘ಆಗಲಿ ಸಾಹುಕಾರ್ರೇ’ ಎಂದು ಉತ್ತರಿಸಿದ್ದರೆ, ಮೂಲ ಸಂದೇಶ ಹೋದರೂ ಉತ್ತರದ ಮೇಲಿನ ಉಲ್ಲೇಖದ ಸಾಲು ಬುಧವಾರ ಸಂಜೆಯವರೆಗೆ ಉಳಿದಿರಬಹುದು. ವರ್ತಕ ಕಳುಹಿಸಿದ ತೂಕದ ಚೀಟಿಯ ಚಿತ್ರ, ಚಿತ್ರಗಳು ತಾವಾಗಿ ಇಳಿಯುವ ವ್ಯವಸ್ಥೆಯಿದ್ದರೆ, ಮೊಬೈಲ್‌ನ ಗ್ಯಾಲರಿಯಲ್ಲೇ ಇರುತ್ತದೆ. ಆಂಡ್ರಾಯ್ಡ್ 11 ಮತ್ತು ಅನಂತರದ ಮೊಬೈಲ್‌ಗಳಲ್ಲಿ ಅಧಿಸೂಚನೆಗಳ ಇತಿಹಾಸವನ್ನು ಮೊದಲೇ ಚಾಲೂ ಮಾಡಿದ್ದರೆ, ಕಳೆದ 24 ಗಂಟೆಗಳಲ್ಲಿ ಪರದೆಯ ಮೇಲೆ ಮಿಂಚಿ ಹೋದ ಸಾಲುಗಳೂ ಸಿಗುತ್ತವೆ. ಇನ್ನು ಪರದೆಯ ಚಿತ್ರ ತೆಗೆಯುವುದನ್ನು ಈ ಗಡುವು ತಡೆಯುವುದೇ ಇಲ್ಲ; ಆ ತಡೆ ಒಮ್ಮೆ ಮಾತ್ರ ನೋಡಬಹುದಾದ ಚಿತ್ರ, ವಿಡಿಯೊಗಳಿಗಷ್ಟೇ ಇದೆ. ಅದನ್ನೂ ಮತ್ತೊಂದು ಮೊಬೈಲ್‌ನ ಕ್ಯಾಮೆರಾ ಸುಲಭವಾಗಿ ದಾಟುತ್ತದೆ.

ರಾತ್ರಿ ಎರಡು ಗಂಟೆಯ ಪ್ರತಿ

ಇವೆಲ್ಲಕ್ಕಿಂತ ಮುಖ್ಯವಾದದ್ದು ಹೆಚ್ಚಿನವರ ಗಮನಕ್ಕೇ ಬಾರದ ಒಂದು ಪ್ರತಿ. ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ವಾಟ್ಸ್‌ಆ್ಯಪ್ ಪ್ರತಿದಿನ ರಾತ್ರಿ 2 ಗಂಟೆಗೆ ತನ್ನ ಸಂದೇಶಗಳ ಸಂಗ್ರಹವನ್ನು ಮೊಬೈಲ್‌ನಲ್ಲೇ ಒಂದು ಕಡತವಾಗಿ ನಕಲಿಸಿಡುತ್ತದೆ. ಅದರ ಹೆಸರು msgstore.db.crypt14 ಎಂಬಂತೆ ಇರುತ್ತದೆ. ಹಳೆಯ ಕಡತಗಳು ದಿನಾಂಕದೊಂದಿಗೆ ಸುಮಾರು ಏಳು ದಿನಗಳವರೆಗೆ ಉಳಿಯುತ್ತವೆ.

ರೈತನ ಲೆಕ್ಕಕ್ಕೆ ಮರಳೋಣ. ಸಂದೇಶ ಬಂದದ್ದು ಸೋಮವಾರ ರಾತ್ರಿ 9ಕ್ಕೆ, ಅಳಿದದ್ದು ಮಂಗಳವಾರ ರಾತ್ರಿ 9ಕ್ಕೆ. ನಡುವೆ ಮಂಗಳವಾರ ನಸುಕಿನ 2 ಗಂಟೆ ಬಂದು ಹೋಗಿದೆ. ಆ ಹೊತ್ತಿನ ಕಡತದಲ್ಲಿ ಸಂದೇಶ ಇನ್ನೂ ಜೀವಂತ! ಗಡುವು 24 ಗಂಟೆಗಳಿಗಿಂತ ಕಡಿಮೆ ಇರಲು ವಾಟ್ಸ್‌ಆ್ಯಪ್ ಬಹುಕಾಲ ಅವಕಾಶ ನೀಡದಿದ್ದುದರಿಂದ, ಸ್ಥಳೀಯ ಪ್ರತಿ ನಡೆಯುವ ಮೊಬೈಲ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಸಂದೇಶವೂ ಒಮ್ಮೆಯಾದರೂ ಈ 2 ಗಂಟೆಯನ್ನು ಹಾದುಹೋಗಲೇಬೇಕಿತ್ತು. ಗೂಗಲ್ ಡ್ರೈವ್ ಅಥವಾ ಐಕ್ಲೌಡ್‌ಗೆ ಪ್ರತಿ ಹೋಗುತ್ತಿದ್ದರೆ ಅಲ್ಲಿಯೂ ಇದೇ ಕಥೆ. ಆ ಪ್ರತಿಗಳಿಗೆ ಬಳಕೆದಾರನೇ ಬೀಗ ಹಾಕುವ ಅನುಕೂಲ ಬಂದದ್ದು 2021ರಲ್ಲಿ. ಅದನ್ನು ಚಾಲೂ ಮಾಡಿಕೊಳ್ಳುವುದು ಇಂದಿಗೂ ಬಳಕೆದಾರನ ಇಚ್ಛೆಗೆ ಬಿಟ್ಟದ್ದು.

ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಪ್ರತಿಯಿದೆಯೆಂದು ರೈತ ವಾಟ್ಸ್‌ಆ್ಯಪ್ ತೆಗೆದುಹಾಕಿ ಮತ್ತೆ ಹಾಕಿಕೊಂಡರೆ ಲಾಭವಿಲ್ಲ, ಏಕೆಂದರೆ ಪ್ರತಿಯನ್ನು ಮರಳಿ ತುಂಬಿಸುವಾಗ ಗಡುವು ಮುಗಿದ ಸಂದೇಶಗಳನ್ನು ಅದು ಅಳಿಸಿಯೇ ಬಿಡುತ್ತದೆ. ಕಡತವನ್ನು ಹಾಗೆಯೇ ಕಾಪಾಡಿ, ಮೊಬೈಲನ್ನು ಬದಲಾಯಿಸದೆ, ಕೀಲಿಯನ್ನು ಹೊರತೆಗೆಯಬಲ್ಲ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ತೆರೆಸುವುದೊಂದೇ ದಾರಿ.

ಅಲ್ಲಿ ತಜ್ಞರು ನೋಡುವುದು ಈ ಕಡತವನ್ನಷ್ಟೇ ಅಲ್ಲ. ಸಂದೇಶಗಳು ಕುಳಿತಿರುವುದು ಎಸ್‌ಕ್ಯೂಲೈಟ್ ಎಂಬ ದತ್ತಸಂಚಯದಲ್ಲಿ. ಅಲ್ಲಿ ಸಾಲೊಂದನ್ನು ಅಳಿಸಿದರೆ, ಬಹಳ ಸಲ ಆ ಜಾಗ ಖಾಲಿಯಿದೆಯೆಂಬ ಗುರುತು ಮಾತ್ರ ಬೀಳುತ್ತದೆ. ಹೊಸ ಬರಹ ಅದರ ಮೇಲೆ ಬೀಳುವವರೆಗೆ ಹಳೆಯ ಅಕ್ಷರಗಳು ಅಲ್ಲೇ ಇರಬಹುದು. ತೆರವಾದ ಹೊಲದಲ್ಲಿ ಹೊಸ ಉಳುಮೆಯಾಗುವ ತನಕ ಹಳೆಯ ಕೂಳೆ ಉಳಿದಿರುವಂತೆ. ಇದು ಖಾತರಿಯಲ್ಲ. ಮೊಬೈಲ್ ಹೆಚ್ಚು ಬಳಸಿದಷ್ಟೂ ಅವಕಾಶ ಕಡಿಮೆ, ಬೀಗ ತೆರೆಯದ ಮೊಬೈಲ್‌ನಲ್ಲಿ ಮತ್ತೂ ಕಡಿಮೆ.

ನ್ಯಾಯಾಲಯದ ಮುಂದೆ

ಬೀಗ ತೆರೆಯಿಸುವ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮುಂದೆ ಬಂದದ್ದು ಬೆಂಗಳೂರಿನ ಪ್ರಕರಣವೊಂದರ ತನಿಖೆಯ ಸಂದರ್ಭದಲ್ಲಿ. ವೀರೇಂದ್ರ ಖನ್ನಾ ವಿರುದ್ಧ ಕರ್ನಾಟಕ ಸರ್ಕಾರ ಎಂದು ಹೆಸರಾದ ಆ ಪ್ರಕರಣದಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು 2021ರ ಮಾರ್ಚ್‌ನಲ್ಲಿ ತೀರ್ಪು ನೀಡಿದರು. ಮೊಬೈಲ್‌ನ ಪಾಸ್‌ವರ್ಡ್ ಕೊಡುವಂತೆ ಆದೇಶಿಸುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತಪಡಿಸಿದಂತಾಗದು ಎಂದು ಅದು ಹೇಳಿತು. ಆದರೆ ಶೋಧಕ್ಕೆ ಸಾಮಾನ್ಯವಾಗಿ ನ್ಯಾಯಾಲಯದ ವಾರಂಟ್ ಬೇಕು, ಪಾಸ್‌ವರ್ಡ್‌ಗಾಗಿ ಸಮ್ಮತಿಯಿಲ್ಲದೆ ಸುಳ್ಳುಪತ್ತೆ ಪರೀಕ್ಷೆ ಮಾಡಿಸುವಂತಿಲ್ಲ, ಮೊಬೈಲ್‌ನಲ್ಲಿ ಸಿಕ್ಕ ಮಾಹಿತಿಯೊಂದರಿಂದಲೇ ಯಾರೂ ತಪ್ಪಿತಸ್ಥರಾಗುವುದಿಲ್ಲ ಎಂದೂ ಸ್ಪಷ್ಟಪಡಿಸಿತು. ಗಡುವು ಕಾಪಾಡುತ್ತದೆಂದು ನಂಬಿದ ವರ್ತಕನ ಮೊಬೈಲಿಗೂ, ಮೇಲೆ ಹೇಳಿದ ಎಲ್ಲ ಉಳಿಕೆಗಳಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ. ಸಾಕ್ಷ್ಯವಾಗಿ ಹಾಜರಾಗದಿರಲೆಂಬ ಉದ್ದೇಶದಿಂದಲೇ ವಿದ್ಯುನ್ಮಾನ ದಾಖಲೆಯನ್ನು ನಾಶಪಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಂ ಪ್ರತ್ಯೇಕ ಅಪರಾಧವೆಂದು ಪರಿಗಣಿಸುತ್ತದೆ.

ರೈತನಿಗಾದರೂ ದಾರಿ ಸಲೀಸಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಪರದೆಯ ಚಿತ್ರದ ಮುದ್ರಿತ ಪ್ರತಿಗೆ ಎರಡು ಭಾಗಗಳ ಪ್ರಮಾಣಪತ್ರ ಬೇಕು: ಒಂದು ಮೊಬೈಲ್‌ನ ಒಡೆಯನದು, ಇನ್ನೊಂದು ತಜ್ಞನದು. ಮಗನ ಮೊಬೈಲ್‌ನಲ್ಲಿರುವ ಸಾಲು ಮೂಲ ಸಂದೇಶವಲ್ಲ, ಕಳುಹಿಸಿಕೊಂಡ ನಕಲು ಎಂದು ಎದುರು ವಕೀಲರು ವಾದಿಸದೆ ಬಿಡುವುದಿಲ್ಲ. ಹಾಗಾಗಿ ಮಂಗಳವಾರ ನಸುಕಿನ ಆ ಕಡತಕ್ಕೆ ಬೆಲೆ ಹೆಚ್ಚು. ಅದು ಉಳಿಯುವುದು ಮುಂದಿನ ಮಂಗಳವಾರದ ಆಸುಪಾಸಿನವರೆಗೆ ಮಾತ್ರ. ಶುಕ್ರವಾರ ವಂಚನೆಯ ಅರಿವಾದ ರೈತನ ಕೈಯಲ್ಲಿ, ಕಡತವನ್ನು ಬೇರೆಡೆಗೆ ನಕಲಿಸಿಡಲು, ಹೆಚ್ಚೆಂದರೆ ನಾಲ್ಕು ದಿನಗಳಿವೆ.