ನೂರು ಹುಡುಗರಿಗೆ ಎಷ್ಟು ಪ್ಯಾನೆಲ್?

ಮಾಳಿಗೆಯ ಮೇಲೆ ನೀರು ಕಾಯಿಸುವ ಚಪ್ಪಟೆ ಸೋಲಾರ್ ಪ್ಯಾನೆಲ್ಲಿನ ಒಳಗೆ ಕಪ್ಪು ಲೇಪನದ ತಾಮ್ರದ ತಗಡು, ಅದಕ್ಕೆ ಬೆಸೆದ ಸಣ್ಣ ಕೊಳವೆಗಳು, ಮೇಲೊಂದು ಗಾಜು, ಕೆಳಗೆ ಶಾಖ ಹೊರಹೋಗದಂತೆ ತಡೆಯುವ ಹೊದಿಕೆ ಇರುತ್ತವೆ. ಬಿದ್ದ ಬಿಸಿಲಿನಲ್ಲಿ ಸುಮಾರು ಶೇ 70ರಷ್ಟು ನೀರಿಗೆ ದಕ್ಕಬಹುದು. ಆದರೆ ಇದು ನೀರು ಹೊರಗಿನ ಗಾಳಿಯಷ್ಟೇ ತಣ್ಣಗಿದ್ದಾಗಿನ ಮಾತು. ನೀರು ಗಾಳಿಗಿಂತ ಒಂದೊಂದು ಡಿಗ್ರಿ ಹೆಚ್ಚು ಬಿಸಿಯಾದಂತೆಲ್ಲ ಪ್ರತಿ ಚದರ ಮೀಟರಿನಿಂದ ಸುಮಾರು 5 ವ್ಯಾಟ್ ಹೊರಗೆ ಸೋರುತ್ತದೆ.

ಚದರ ಮೀಟರಿಗೆ 800 ವ್ಯಾಟ್ ಬಿಸಿಲಿದ್ದರೆ ತಗಡು ಹಿಡಿಯುವುದು 560 ವ್ಯಾಟ್. ನೀರು ಗಾಳಿಗಿಂತ 35 ಡಿಗ್ರಿ ಬಿಸಿಯಿದ್ದರೆ 175 ಸೋರಿ 385 ಉಳಿಯುತ್ತದೆ. ದಕ್ಷತೆ ಶೇ 48ಕ್ಕೆ ಇಳಿಯಿತು. ಇಳಿಹೊತ್ತಿನ 400 ವ್ಯಾಟ್ ಬಿಸಿಲಿನಲ್ಲಿ ಹಿಡಿಯುವುದು 280, ಸೋರುವುದು ಮಾತ್ರ ಅದೇ 175. ಹಾಗಾಗಿ ಸಂಜೆಯ ಬಿಸಿಲನ್ನು ನಂಬಿ ಲೆಕ್ಕ ಹಾಕುವಂತಿಲ್ಲ.

ಲಿಂಗಸುಗೂರಿನಲ್ಲಿ ನೂರು ವಿದ್ಯಾರ್ಥಿಗಳ ಹಾಸ್ಟೆಲ್ ಒಂದಿದೆ ಎಂದಿಟ್ಟುಕೊಂಡರೆ, ಲೆಕ್ಕ ಹಿಡಿಯಬೇಕಾದದ್ದು ಡಿಸೆಂಬರಿನ ಮುಂಜಾವಿನಿಂದ. ಇಲ್ಲಿನ ಬೇಸಿಗೆಯಲ್ಲಿ ಬಿಸಿನೀರು ಕೇಳುವವರೇ ಇರುವುದಿಲ್ಲ. ಒಬ್ಬನ ಸ್ನಾನಕ್ಕೆ 40 ಡಿಗ್ರಿಯ 20 ಲೀಟರ್, ಅಂದರೆ ಒಂದು ಬಕೆಟ್ ಸಾಕು. ನಲ್ಲಿ ನೀರು 22 ಡಿಗ್ರಿ, ಟ್ಯಾಂಕಿನದು 60 ಡಿಗ್ರಿ ಇದ್ದರೆ ಆ ಬಕೆಟ್ಟಿಗೆ ಒಂಬತ್ತೂವರೆ ಲೀಟರ್ ಬಿಸಿನೀರು ಬೆರೆಸಿದರಾಯಿತು. ನೂರು ಜನಕ್ಕೆ 950 ಲೀಟರ್; ಆದ್ದರಿಂದ 1000 ಲೀಟರಿನ ಟ್ಯಾಂಕ್. ಬಕೆಟ್ ಬಿಟ್ಟು ಶವರ್ ಹಾಕಿಸಿದರೆ ಈ ಲೆಕ್ಕ ಮೊದಲ ವಾರದಲ್ಲೇ ಕೈಕೊಡುತ್ತದೆ.

ಬೆರೆಸಿದ ಮೇಲಿನ ನೂರು ಬಕೆಟ್, ಅಂದರೆ 2000 ಲೀಟರನ್ನು 22ರಿಂದ 40ಕ್ಕೆ, 18 ಡಿಗ್ರಿ ಏರಿಸಲು ಸುಮಾರು 42 ಯೂನಿಟ್ ಶಾಖ ಬೇಕು. ಪೈಪು ಮತ್ತು ಟ್ಯಾಂಕಿನಲ್ಲಿ ರಾತ್ರಿಯಿಡೀ ಆರಿಹೋಗುವುದನ್ನೂ ಸೇರಿಸಿದರೆ 50. ದಕ್ಷಿಣಕ್ಕೆ ಮುಖಮಾಡಿ ಸುಮಾರು 30 ಡಿಗ್ರಿ ಓರೆಯಾಗಿ ನಿಲ್ಲಿಸಿದ ಪ್ಯಾನೆಲ್ಲಿಗೆ ಚಳಿಗಾಲದ ತಿಳಿ ದಿನದಲ್ಲಿ ಚದರ ಮೀಟರಿಗೆ ಐದೂವರೆ ಯೂನಿಟ್ ಬಿಸಿಲು ಬಿದ್ದು, ದಿನದ ಸರಾಸರಿ ದಕ್ಷತೆ ಶೇ 45 ಇದ್ದರೆ ಎರಡೂವರೆ ಯೂನಿಟ್ ಕೈಗೆ ಬರುತ್ತದೆ. ಅಲ್ಲಿಗೆ 20 ಚದರ ಮೀಟರ್, ಅಂದರೆ ಎರಡು ಚದರ ಮೀಟರಿನ ಹತ್ತು ಪ್ಯಾನೆಲ್. ಅಕ್ಷಾಂಶ 16ರ ಊರಿಗೆ 30 ಡಿಗ್ರಿ ಓರೆ ಅತಿಯಾಯಿತೆನ್ನಿಸಬಹುದು. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಅದೇ ಸರಿ. ಮೋಡದ ದಿನಕ್ಕೆ ಟ್ಯಾಂಕಿನಲ್ಲಿ ವಿದ್ಯುತ್ ಕಾಯಿಲ್ ಇರಲೇಬೇಕು.

ಲೆಕ್ಕ ಸರಿಯಿದ್ದರೂ ವ್ಯವಸ್ಥೆ ಕೆಡುವುದು ಹೆಚ್ಚಾಗಿ ಬೋರ್‌ವೆಲ್ಲಿನ ಸವುಳು ನೀರಿನಿಂದ. ನೀರು ಕಾದಂತೆ ಅದರಲ್ಲಿನ ಸುಣ್ಣ ಕೊಳವೆಗಳ ಒಳಗೋಡೆಗೆ ಬಿಳಿಯ ಪದರವಾಗಿ ಕಟ್ಟುತ್ತದೆ. ಒಳ್ಳೆಯ ಬಿಸಿಲಿನ ಮಧ್ಯಾಹ್ನ ಉಳಿದ ಪ್ಯಾನೆಲ್ಲುಗಳ ಮೇಲಿನ ಪೈಪು ಕೈ ಸುಡುತ್ತಿದ್ದು, ಒಂದರದ್ದು ಮಾತ್ರ ಉಗುರುಬೆಚ್ಚಗಿದ್ದು ಅದರ ಗಾಜು ವಿಪರೀತ ಕಾದಿದ್ದರೆ, ಅದರ ಕೊಳವೆಗಳು ಕಟ್ಟಿಕೊಂಡಿವೆ ಎಂದೇ ಅರ್ಥ. ತೆಳು ಆಮ್ಲ ಹಾಯಿಸಿ ತೊಳೆದರೆ ಬಿಡುತ್ತದೆ, ಆದರೆ ಮತ್ತೆ ಕಟ್ಟುತ್ತದೆ.

ಇಂಥ ನೀರಿಗೆ ಹೀಟ್ ಎಕ್ಸ್‌ಚೇಂಜರ್ ಇರುವ ಟ್ಯಾಂಕೇ ತಕ್ಕದ್ದು. ಅದರಲ್ಲಿ ಪ್ಯಾನೆಲ್ಲಿನೊಳಗೆ ಒಂದೇ ಶುದ್ಧ ನೀರು ಸುತ್ತುತ್ತಿದ್ದು, ಸ್ನಾನದ ನೀರಿಗೆ ಶಾಖವನ್ನಷ್ಟೇ ದಾಟಿಸುತ್ತದೆ. ಆ ದಾಟುವಿಕೆಗಾಗಿ ಪ್ಯಾನೆಲ್ಲಿನ ನೀರು ಐದಾರು ಡಿಗ್ರಿ ಹೆಚ್ಚು ಕಾದಿರಬೇಕಾಗುತ್ತದೆ. ಡಿಗ್ರಿಗೆ 5 ವ್ಯಾಟಿನಂತೆ ಸುಮಾರು 30 ವ್ಯಾಟ್ ಹೆಚ್ಚುವರಿ ಸೋರಿಕೆ. 385ರಲ್ಲಿ ಅದು ಶೇ 8. ಆಗ ಹತ್ತರ ಬದಲು ಹನ್ನೊಂದು ಪ್ಯಾನೆಲ್ ಬೇಕು.