ಒಂದೇ ಎಳೆ, ಮೂವತ್ತೆರಡು ಮನೆ

ಮನೆಗೆ ಫೈಬರ್ ಹಾಕಿಸಿಕೊಂಡವರು ಬೀದಿಯ ಕಂಬದ ಮೇಲಿನ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯನ್ನು ನೋಡಿರುತ್ತಾರೆ. ಹಿಂದಿನಿಂದ ಒಂದು ಎಳೆ ಒಳಗೆ ಹೋಗುತ್ತದೆ, ಮುಂದಿನಿಂದ ಎಂಟೋ ಹದಿನಾರೋ ಎಳೆಗಳು ಮನೆಗಳತ್ತ ಹೊರಡುತ್ತವೆ. ಒಳಗೆ ಪ್ಲಗ್ ಇಲ್ಲ, ಬ್ಯಾಟರಿ ಇಲ್ಲ, ಚಿಪ್ಪೂ ಇಲ್ಲ. ಇರುವುದು ಸ್ಪ್ಲಿಟರ್ ಎಂಬ ಸಣ್ಣ ಗಾಜಿನ ತುಂಡು. ಅದರಲ್ಲಿ ಬೆಳಕಿನ ದಾರಿ ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಕವಲೊಡೆಯುತ್ತದೆ. ಬೀದಿಗೆಲ್ಲ ಕರೆಂಟು ಹೋದರೂ ಎಕ್ಸ್‌ಚೇಂಜಿನಲ್ಲಿ ಜನರೇಟರ್, ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೆ ಇಂಟರ್‌ನೆಟ್ ನಡೆದೇ ನಡೆಯುತ್ತದೆ. ನಡುದಾರಿಯಲ್ಲಿ ಕರೆಂಟು ಬೇಡುವ ಯಂತ್ರವೇ ಇಲ್ಲ.

ಆದರೆ ಬೆಳಕು ಹಂಚಿದಷ್ಟೂ ಕಡಿಮೆಯಾಗುತ್ತದೆ. ಎಕ್ಸ್‌ಚೇಂಜಿನಲ್ಲಿರುವ ಯಂತ್ರದ ಹೆಸರು ಓಎಲ್‌ಟಿ. ಅದರ ಒಂದು ಪೋರ್ಟಿನಿಂದ ಸುಮಾರು +3 ಡಿಬಿಎಂ, ಅಂದರೆ ಎರಡು ಮಿಲಿವ್ಯಾಟ್ ಬೆಳಕು ಹೊರಡುತ್ತದೆ ಎಂದುಕೊಳ್ಳಿ. ಡಿಬಿ ಲೆಕ್ಕ ಸುಲಭ: 3 ಇಳಿದರೆ ಬೆಳಕು ಅರ್ಧ, 10 ಇಳಿದರೆ ಹತ್ತನೇ ಒಂದು. ದಾರಿಯಲ್ಲಿ ಮೊದಲು ನಾಲ್ಕು ಕವಲಿನ ಸ್ಪ್ಲಿಟರ್, ಆಮೇಲೆ ಎಂಟು ಕವಲಿನದು, ಒಟ್ಟು 32 ಮನೆ. ಎರಡೂ ಸೇರಿ ಸುಮಾರು 17.5 ಡಿಬಿ ತಿನ್ನುತ್ತವೆ. ನಾಲ್ಕು ಕಿಲೋಮೀಟರ್ ಎಳೆಗೆ ಹೆಚ್ಚೆಂದರೆ ಒಂದು, ಜೋಡಣೆಗಳಿಗೆ ಒಂದೂವರೆ. ಅಲ್ಲಿಗೆ ಇಪ್ಪತ್ತು ಡಿಬಿ ಹೋಯಿತು, ಮನೆಗೆ ಬಂದದ್ದು ಮೈನಸ್ 17. ಹೊರಟದ್ದರ ನೂರನೇ ಒಂದು ಪಾಲು. ಕಿಲೋಮೀಟರುಗಟ್ಟಲೆ ಗಾಜು ನುಂಗಿದ್ದಕ್ಕಿಂತ ಅಂಗೈಯಲ್ಲಿ ಹಿಡಿಸುವ ಸ್ಪ್ಲಿಟರ್ ನುಂಗಿದ್ದೇ ಎಷ್ಟೋ ಪಾಲು ಹೆಚ್ಚು ಎಂಬುದನ್ನು ಗಮನಿಸಿ. ಮನೆಯ ಮೋಡೆಮ್ ಸುಮಾರು ಮೈನಸ್ 27ರವರೆಗೆ ಓದಬಲ್ಲದು. ಎಳೆ ಬಾಗಿಲ ಸಂದಿನಲ್ಲಿ ಮಡಚಿಕೊಂಡರೆ, ಕನೆಕ್ಟರ್ ತುದಿಗೆ ಧೂಳು ಕೂತರೆ ಉಳಿದ ಹತ್ತು ಡಿಬಿಯೂ ಕರಗಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿನುಗತೊಡಗುತ್ತದೆ. ರಿಪೇರಿಗೆ ಬಂದ ಹುಡುಗ ಮೀಟರ್ ಹಿಡಿದು "ಪವರ್ ಬರ್ತಿಲ್ಲ ಸಾರ್, ಮೈನಸ್ ಮೂವತ್ತು ತೋರಿಸ್ತಿದೆ" ಅನ್ನುವುದು ಇದನ್ನೇ.

ಎಕ್ಸ್‌ಚೇಂಜಿನಿಂದ ಮನೆಯ ಕಡೆಗೆ ಬರುವ ಡೇಟಾದ್ದು ನೇರ ವ್ಯವಹಾರ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಜಿಪಾನ್ ಪದ್ಧತಿಯಲ್ಲಿ ಅದು ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್. ಸ್ಪ್ಲಿಟರಿಗೆ ಯಾರ ಡೇಟಾ ಯಾರದ್ದೆಂದು ಗೊತ್ತಿಲ್ಲ, ಹಾಗಾಗಿ ಪಕ್ಕದ ಮನೆಯವರು ನೋಡುತ್ತಿರುವ ಸಿನಿಮಾದ ಬೆಳಕೂ ನಿಮ್ಮ ಮೋಡೆಮ್‌ವರೆಗೆ ಬಂದೇ ಬರುತ್ತದೆ. ಮೋಡೆಮ್ ತನ್ನ ಗುರುತಿರುವುದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. ಕದ್ದು ಓದಬಾರದೆಂದು ಒಂದೊಂದು ಮನೆಯ ಡೇಟಾಕ್ಕೂ ಬೇರೆ ಬೇರೆ ಬೀಗದ ಕೀಲಿ ಹಾಕುವ ಏರ್ಪಾಡೂ ಇದೆ.

ಕಷ್ಟ ಇರುವುದು ಮನೆಯಿಂದ ವಾಪಸು ಹೋಗುವ ಡೇಟಾದಲ್ಲಿ. ಎಳೆ ಅದೇ, ಬೆಳಕಿನ ಬಣ್ಣ ಬೇರೆ: ಬರುವುದಕ್ಕೆ 1490 ನ್ಯಾನೋಮೀಟರ್, ಹೋಗುವುದಕ್ಕೆ 1310. ಎರಡೂ ಕಣ್ಣಿಗೆ ಕಾಣುವುದಿಲ್ಲ, ಹಾಗೆಂದು ಬಿಚ್ಚಿದ ತುದಿಗೆ ಕಣ್ಣಿಟ್ಟು ನೋಡಬೇಡಿ. ಬಣ್ಣ ಬೇರೆಯಾದ್ದರಿಂದ ಬರುವ ಬೆಳಕು, ಹೋಗುವ ಬೆಳಕು ಒಂದಕ್ಕೊಂದು ಅಡ್ಡ ಬರುವುದಿಲ್ಲ. ಆದರೆ ಹೋಗುವವರು ಮೂವತ್ತೆರಡು ಜನ, ಎಲ್ಲರದೂ ಒಂದೇ ಬಣ್ಣ. ಇಬ್ಬರು ಒಟ್ಟಿಗೆ ಹೊರಟರೆ ಸ್ಪ್ಲಿಟರಿನಲ್ಲಿ ಬೆರೆತು ಎರಡೂ ಹಾಳು.

ಹಳೆಯ ಕಾಲದ ಈಥರ್‌ನೆಟ್ ತಂತಿಯಲ್ಲಿ ಕಂಪ್ಯೂಟರುಗಳು ಮೊದಲು ಕಿವಿಗೊಟ್ಟು, ಯಾರೂ ಮಾತಾಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ತಾವು ಮಾತಾಡುತ್ತಿದ್ದವು. ಇಲ್ಲಿ ಅದು ಆಗದ ಮಾತು. ನಿಮ್ಮ ಮನೆಯಿಂದ ಹೊರಟ ಬೆಳಕು ಸ್ಪ್ಲಿಟರ್ ದಾಟಿ ಎಕ್ಸ್‌ಚೇಂಜಿನತ್ತ ಹೋಗುತ್ತದೆಯೇ ಹೊರತು ಪಕ್ಕದ ಮನೆಯ ಕವಲಿಗೆ ಹೊರಳುವುದಿಲ್ಲ. ಹಾಗಾಗಿ ಒಂದು ಮೋಡೆಮ್ ಮಾತಾಡುತ್ತಿರುವುದು ಇನ್ನೊಂದಕ್ಕೆ ತಿಳಿಯುವುದೇ ಇಲ್ಲ. ಎಲ್ಲರ ಮಾತೂ ಕೇಳಿಸುವುದು ಓಎಲ್‌ಟಿಗೆ ಮಾತ್ರ. ಸರದಿ ಹಂಚುವ ಯಜಮಾನಿಕೆ ಅದರದ್ದಾಗಿರುವುದು ಅದಕ್ಕೇ.

ಜಿಪಾನ್‌ನಲ್ಲಿ ಕಾಲವನ್ನು 125 ಮೈಕ್ರೋಸೆಕೆಂಡಿನ ತುಂಡುಗಳಾಗಿ ಕತ್ತರಿಸಿರುತ್ತಾರೆ, ಸೆಕೆಂಡಿಗೆ ಎಂಟು ಸಾವಿರ ತುಂಡು. ಪ್ರತಿ ತುಂಡಿನ ತಲೆಯಲ್ಲಿ ಓಎಲ್‌ಟಿ ಒಂದು ಪಟ್ಟಿ ಕಳಿಸುತ್ತದೆ: ಇಂಥ ಮೋಡೆಮ್ ಇಲ್ಲಿಂದ ಇಲ್ಲಿಯವರೆಗೆ, ಆಮೇಲೆ ಇಂಥದ್ದು. ತನ್ನ ಸರದಿ ಬಂದಾಗ ಮೋಡೆಮ್ ಲೇಸರ್ ಹೊತ್ತಿಸಿ, ಹೇಳಬೇಕಾದ್ದು ಹೇಳಿ, ಪೂರ್ತಿ ಆರಿಸಬೇಕು. ಮಂಕಾಗಿ ಉರಿಯುತ್ತಾ ಕೂರುವಂತಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ, ಮನೆಗಳು ಒಂದೇ ದೂರದಲ್ಲಿಲ್ಲವಲ್ಲ. ಎಳೆಯೊಳಗೆ ಬೆಳಕಿಗೆ ಒಂದು ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್ ಬೇಕು. ಎರಡು ಕಿಲೋಮೀಟರ್ ದೂರದ ಮನೆಯಿಂದ ಉತ್ತರ ಬರಲು ಹೋಗಿಬರುವ ದಾರಿ ಸೇರಿ 20 ಮೈಕ್ರೋಸೆಕೆಂಡ್, ಹನ್ನೆರಡು ಕಿಲೋಮೀಟರಿನ ತೋಟದ ಮನೆಯಿಂದ 120. ಸರದಿ ಪಟ್ಟಿ ಎಷ್ಟೇ ಚೊಕ್ಕವಾಗಿದ್ದರೂ ಈ ನೂರು ಮೈಕ್ರೋಸೆಕೆಂಡಿನ ಅಂತರದಿಂದ ಒಬ್ಬರ ಮಾತಿನ ಮೇಲೆ ಇನ್ನೊಬ್ಬರದು ಬಂದು ಬೀಳುತ್ತದೆ. ಅದಕ್ಕೆ ಹೊಸ ಮೋಡೆಮ್ ಸೇರಿದಾಗ ಓಎಲ್‌ಟಿ ಒಂದು ಕ್ಷಣ ಉಳಿದವರನ್ನೆಲ್ಲ ಸುಮ್ಮನಾಗಿಸಿ, ಹೊಸಬರಿಂದ ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುತ್ತದೆ. ಆಮೇಲೆ ಎಲ್ಲರೂ ಇಪ್ಪತ್ತು ಕಿಲೋಮೀಟರ್ ಆಚೆ ಇದ್ದಾರೆ ಎಂಬಂತೆ ಲೆಕ್ಕ ಸರಿದೂಗಿಸುತ್ತದೆ. ಇಪ್ಪತ್ತು ಕಿಲೋಮೀಟರಿಗೆ ಹೋಗಿಬರಲು 200 ಮೈಕ್ರೋಸೆಕೆಂಡ್. ಹಾಗಾಗಿ ಹತ್ತಿರದ ಮನೆಗೆ ‘180 ತಡೆದು ಮಾತಾಡು’, ತೋಟದ ಮನೆಗೆ ‘80 ತಡೆ’. ಈಗ ಎಲ್ಲರೂ ಸಮದೂರ.

ಈ ಅಳತೆ ಎಷ್ಟು ಸೂಕ್ಷ್ಮವಾಗಿರಬೇಕೆಂದರೆ, ಮನೆಯಿಂದ ಹೋಗುವ ವೇಗ ಸೆಕೆಂಡಿಗೆ 1.25 ಗಿಗಾಬಿಟ್‌ನಷ್ಟು, ಒಂದು ಬಿಟ್ ಎಳೆಯೊಳಗೆ ಹಿಡಿಯುವ ಜಾಗ ಬರೀ 16 ಸೆಂಟಿಮೀಟರ್. ಬಿಸಿಲಿಗೆ ಕಾದಾಗ, ರಾತ್ರಿ ತಣಿದಾಗ ಎಳೆಯಲ್ಲಿ ಬೆಳಕು ಹಿಡಿಯುವ ಹೊತ್ತು ತುಸು ಬದಲಾಗುವುದರಿಂದ ಓಎಲ್‌ಟಿ ಈ ಲೆಕ್ಕವನ್ನು ಆಗಾಗ ತಿದ್ದುತ್ತಲೇ ಇರಬೇಕು.

ಸರದಿ ಅಂದಮಾತ್ರಕ್ಕೆ ಸಮಪಾಲಲ್ಲ. 1.25 ಗಿಗಾಬಿಟ್ಟನ್ನು ಮೂವತ್ತೆರಡು ಮನೆಗೆ ಸಮನಾಗಿ ಹಂಚಿದರೆ ತಲೆಗೆ 39 ಮೆಗಾಬಿಟ್ ಬಂದೀತು. ಆದರೆ ಮಲಗಿರುವ ಮನೆಗೆ ಅಷ್ಟೇಕೆ? ಪ್ರತಿ ಮೋಡೆಮ್ ತನ್ನ ಬಳಿ ಕಳಿಸದೆ ಉಳಿದಿರುವುದೆಷ್ಟೆಂದು ವರದಿ ಕೊಡುತ್ತದೆ. ಅದನ್ನು ನೋಡಿ ಓಎಲ್‌ಟಿ ಮುಂದಿನ ಪಟ್ಟಿಯಲ್ಲಿ ಒಬ್ಬರಿಗೆ ದೊಡ್ಡ ತುಂಡು, ಇನ್ನೊಬ್ಬರಿಗೆ ಚೂರು ಕೊಡುತ್ತದೆ. ಮದುವೆ ವಿಡಿಯೊ ಅಪ್‌ಲೋಡ್ ಮಾಡುವವರಿಗೆ ರಾತ್ರಿ ವೇಗ ಸಿಗುವುದು ಹೀಗೆ.

ಈ ಏರ್ಪಾಡಿಗೆ ಒಂದು ದೊಡ್ಡ ದೌರ್ಬಲ್ಯವಿದೆ. ಒಂದು ಮನೆಯ ಮೋಡೆಮ್ ಕೆಟ್ಟು, ಲೇಸರ್ ಆರದೆ ಉರಿಯುತ್ತಲೇ ಇದ್ದರೆ ಆ ಪೋರ್ಟಿನ ಎಲ್ಲ ಮನೆಗಳ ಮಾತೂ ಅದರ ಕೆಳಗೆ ಹೂತುಹೋಗುತ್ತದೆ. ಬೀದಿಗೆ ಬೀದಿಯೇ ದೂರು ಕೊಡುತ್ತದೆ. ತಮಾಷೆಯೆಂದರೆ ಯಾವ ಮನೆಗೆ ಹೋಗಿ ಮೀಟರ್ ಇಟ್ಟರೂ ಮೈನಸ್ 17 ಎಂದೇ ತೋರಿಸುತ್ತದೆ, ಏಕೆಂದರೆ ಅಲ್ಲಿ ಅಳೆಯುವುದು ಬರುವ ಬೆಳಕನ್ನು. ಎಳೆ ಸರಿಯಾಗಿದೆ, ಸ್ಪ್ಲಿಟರ್ ಸರಿಯಾಗಿದೆ, ಆದರೂ ನೆಟ್ ಇಲ್ಲ.

ಅನುಭವಸ್ಥರು ಆಗ ಕಂಬದ ಪೆಟ್ಟಿಗೆ ತೆಗೆದು ಒಂದೊಂದೇ ಮನೆಯ ಎಳೆ ಬಿಡಿಸುತ್ತಾ ಹೋಗುತ್ತಾರೆ. ಯಾವುದನ್ನು ಎಳೆದಾಗ ಉಳಿದವು ಜೀವ ಪಡೆಯುತ್ತವೋ ಅದೇ ಕಳ್ಳ. ಮನೆಯಲ್ಲಿ ಖಚಿತ ಮಾಡಿಕೊಳ್ಳುವ ದಾರಿಯೂ ಇದೆ. ಎಳೆಯನ್ನು ಮೋಡೆಮ್‌ನಿಂದ ಕಳಚಿ, 1310 ಅಳೆಯಬಲ್ಲ ಮೀಟರನ್ನು ಮೋಡೆಮ್‌ನ ತೂತಿಗೇ ನೇರ ಸೇರಿಸಬೇಕು. ಓಎಲ್‌ಟಿಯ ಬೆಳಕು ಕಾಣದ ಆರೋಗ್ಯವಂತ ಮೋಡೆಮ್, ಅಪ್ಪಣೆ ಇಲ್ಲದ್ದರಿಂದ, ಬಾಯಿ ಬಿಡುವುದಿಲ್ಲ. ಮೀಟರಿನಲ್ಲಿ ಏನೂ ಕಾಣಬಾರದು. ಅಲ್ಲಿ +2 ಅಂತೇನಾದರೂ ಅಂಕಿ ನಿಂತಿದ್ದರೆ ಬೀದಿಯ ದೂರುಗಳಿಗೆಲ್ಲ ಅದೇ ಕಾರಣ, ಆ ಮೋಡೆಮ್ ಬದಲಿಸಬೇಕು.