‘ನಿನ್ನೆ’ ಎಂಬ ಪದವೂ ಪೂರ್ಣವರ್ತಮಾನ ಕಾಲವೂ

ಇತಿಹಾಸದ ಉತ್ತರಗಳನ್ನು ಆಂಗ್ಲಭಾಷೆಯಲ್ಲಿ ಬರೆಯುವ ಕನ್ನಡ ವಿದ್ಯಾರ್ಥಿಗಳಲ್ಲಿ ಒಂದು ದೋಷವು ಮತ್ತೆ ಮತ್ತೆ ಕಾಣಬರುತ್ತದೆ. ನಿರ್ದಿಷ್ಟವಾದ ಇಸವಿಯನ್ನೋ ದಿನವನ್ನೋ ಹೇಳಿ, ಅದೇ ವಾಕ್ಯದಲ್ಲಿ ‘ಹ್ಯಾಸ್’ ಅಥವಾ ‘ಹ್ಯಾವ್’ ಸೇರಿದ ಪೂರ್ಣವರ್ತಮಾನ ಕ್ರಿಯಾಪದವನ್ನು ಅವರು ಪ್ರಯೋಗಿಸುತ್ತಾರೆ. ಇದು ಕೇವಲ ಅಲಕ್ಷ್ಯದ ಫಲವಲ್ಲ. ಇದರ ಬೇರು ಕನ್ನಡದ ವಾಕ್ಯರಚನೆಯಲ್ಲಿಯೇ ಇದೆಯೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿರುವ ಹೆಲಿಕಾಪ್ಟರ್ ಕಾರ್ಖಾನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ‘ಪ್ರಧಾನಮಂತ್ರಿಗಳು 2016ರ ಜನವರಿ 3ರಂದು ಇದಕ್ಕೆ ಶಂಕುಸ್ಥಾಪನೆ ಮಾಡಿದ್ದಾರೆ’ ಎಂದು ಕನ್ನಡದಲ್ಲಿ ನಿಸ್ಸಂಕೋಚವಾಗಿ ಬರೆಯಬಹುದು. ‘ಮಾಡಿದರು’ ಎಂದರೂ ಸರಿಯೇ. ಆದರೆ ಆಂಗ್ಲದಲ್ಲಿ ಈ ದಿನಾಂಕದೊಡನೆ ‘ಹ್ಯಾಸ್ ಲೇಯ್ಡ್’ ಎಂಬುದು ಸಲ್ಲದು. ‘ಲೇಯ್ಡ್’ ಎಂಬ ಸಾಮಾನ್ಯ ಭೂತವೊಂದೇ ಸಾಧು. ದಿನಾಂಕವನ್ನು ತೆಗೆದುಹಾಕಿ, ಅಲ್ಲಿ ಒಂದು ಕಾರ್ಖಾನೆ ಎದ್ದು ನಿಂತಿದೆ ಎಂದಷ್ಟೇ ಹೇಳುವುದಾದರೆ ‘ಹ್ಯಾಸ್ ಕಮ್ ಅಪ್’ ಎಂಬ ಪೂರ್ಣವರ್ತಮಾನವು ಒಪ್ಪುತ್ತದೆ. ಆ ಕಾರ್ಖಾನೆಯು ರಾಷ್ಟ್ರಕ್ಕೆ ಸಮರ್ಪಣೆಯಾದ 2023ರ ಫೆಬ್ರವರಿ 6ನೆಯ ದಿನವನ್ನು ಹೇಳಿದೊಡನೆಯೇ ಮತ್ತೆ ಸಾಮಾನ್ಯ ಭೂತಕ್ಕೆ ಮರಳಬೇಕಾಗುತ್ತದೆ. ಆದರೆ ‘ಸಿನ್ಸ್ 2023’, ಅಂದರೆ ‘2023ರಿಂದ ಈಚೆಗೆ’, ಎಂದರೆ ಪೂರ್ಣವರ್ತಮಾನವೇ ಬೇಕು. ಏಕೆಂದರೆ ಆ ಅವಧಿಯು ಈ ಗಳಿಗೆಯವರೆಗೂ ಬಂದು ಮುಟ್ಟುತ್ತದೆ.

ಇದರಿಂದ ಆಂಗ್ಲದ ನಿಯಮವು ಸ್ಪಷ್ಟವಾಗುತ್ತದೆ. ಅಲ್ಲಿ ಪೂರ್ಣವರ್ತಮಾನವು ಮಾತನಾಡುತ್ತಿರುವ ಈ ಕಾಲವನ್ನೇ ಕುರಿತದ್ದು. ಕ್ರಿಯೆಯು ಹಿಂದೆ ನಡೆದಿದ್ದರೂ ಮಾತಿನ ವಿಷಯ ‘ಈಗ’. ‘ಯೆಸ್ಟರ್ಡೇ’ ಎಂಬ ಪದವಾದರೋ ಮುಗಿದುಹೋದ ಕಾಲವೊಂದನ್ನು ಬೆರಳಿಟ್ಟು ತೋರಿಸುತ್ತದೆ. ಎರಡೂ ಒಂದೇ ವಾಕ್ಯದಲ್ಲಿ ಇರಲಾರವು. ಇದೇ ಕಾರಣದಿಂದ ‘ದಿಸ್ ಮಾರ್ನಿಂಗ್’ ಎಂಬ ಮಾತಿನೊಡನೆ ಬೆಳಗಿನ ಹೊತ್ತಿನಲ್ಲಿ ಪೂರ್ಣವರ್ತಮಾನವನ್ನು ಬಳಸಬಹುದು. ಸಂಜೆಯ ಹೊತ್ತಿಗೆ ಸಾಮಾನ್ಯ ಭೂತವೇ ತಕ್ಕದ್ದು.

ಇದು ಎಲ್ಲ ಭಾಷೆಗಳಿಗೂ ಸಮಾನವಾದ ನಿಯಮವೆಂದು ತಿಳಿಯಬಾರದು. ಆಂಗ್ಲಕ್ಕೆ ಸಮೀಪಬಂಧುವಾದ ಜರ್ಮನ್ ಭಾಷೆಯಲ್ಲಿ ಇದೇ ಬಗೆಯ ಕ್ರಿಯಾರೂಪವು ‘ನಿನ್ನೆ’ಯೊಡನೆ ಸಹಜವಾಗಿ ಬರುತ್ತದೆ. ವೋಲ್ಫ್‌ಗಾಂಗ್ ಕ್ಲೈನ್ ಎಂಬ ಜರ್ಮನ್ ವಿದ್ವಾಂಸರು 1992ರಲ್ಲಿ ಆಂಗ್ಲದ ಈ ವಿಲಕ್ಷಣತೆಯನ್ನು ‘ಒಗಟು’ ಎಂದೇ ಕರೆದು ಚರ್ಚಿಸಿದರು.

ಹಾಗಾದರೆ ಕನ್ನಡದ ‘ಇದ್ದಾನೆ’, ‘ಇದೆ’ ಸೇರಿದ ರೂಪವು ಹೇಳುವುದೇನು? ಬೆಳಗಾಗೆದ್ದು ಅಂಗಳದ ಒದ್ದೆ ಮಣ್ಣನ್ನು ಕಂಡವನು ‘ರಾತ್ರಿ ಮಳೆ ಬಂದಿದೆ’ ಎನ್ನುತ್ತಾನೆ. ಎಚ್ಚರವಾಗಿದ್ದು ಮಳೆಯನ್ನು ಕಂಡವನು ‘ರಾತ್ರಿ ಮಳೆ ಬಂದಿತು’ ಎನ್ನುತ್ತಾನೆ. ಮೊದಲನೆಯ ವಾಕ್ಯದಲ್ಲಿ ವರ್ತಮಾನಕ್ಕೆ ಸೇರಿದ್ದು ಮಳೆಯಲ್ಲ, ಮಳೆಯ ಕುರುಹು. ಕುರುಹು ಈಗ ಕಣ್ಣಮುಂದಿರುವುದರಿಂದ, ಮಳೆಯು ಬಿದ್ದ ಕಾಲವನ್ನು ಹೇಳುವುದಕ್ಕೆ ಅಡ್ಡಿಯಿಲ್ಲ. ಈ ರೂಪಕ್ಕೆ ಬೇರೆ ಪ್ರಯೋಜನಗಳೂ ಉಂಟು. ತಾನೇ ಕಂಡದ್ದನ್ನು ಕುರಿತೂ ಇದನ್ನು ಬಳಸಬಹುದು. ಆದರೆ ಊಹೆಯನ್ನು ಸೂಚಿಸುವಲ್ಲಿ ಇದರ ಬಲವು ಚೆನ್ನಾಗಿ ವ್ಯಕ್ತವಾಗುತ್ತದೆ.

ಇತಿಹಾಸದ ಅಭ್ಯಾಸಿಗಳಿಗೆ ಇದು ಬಹು ಮುಖ್ಯವಾದ ಅಂಶ. ‘ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ದೇವಾಲಯದ ಪ್ರತಿಷ್ಠೆಯನ್ನು ಮಾಡಿಸಿದ್ದಾನೆ’ ಎಂದು ನಾವು ಬರೆಯುವಾಗ, ಅರಸನು ಗತಿಸಿ ಶತಮಾನಗಳು ಕಳೆದಿದ್ದರೂ, ಇಂದಿಗೂ ಉಳಿದಿರುವ ಗುಡಿಯನ್ನೂ ಶಾಸನವನ್ನೂ ಆಧಾರವಾಗಿ ಮುಂದಿಟ್ಟುಕೊಂಡಿರುತ್ತೇವೆ. ಆಂಗ್ಲದಲ್ಲಿ ‘ಹ್ಯಾಸ್’ ಎಂದರೆ ವಾಕ್ಯವು ಕೆಡುತ್ತದೆ. ಅದನ್ನು ಸಾಮಾನ್ಯ ಭೂತಕ್ಕೆ ತಿದ್ದಿದರೆ ವ್ಯಾಕರಣವು ಉಳಿಯುತ್ತದೆ. ಆದರೆ ಇದು ಆಧಾರದಿಂದ ತಿಳಿದ ಸಂಗತಿಯೆಂಬ ಕನ್ನಡದ ಸೂಚನೆಯು ಅಳಿಸಿಹೋಗುತ್ತದೆ. ಖಚಿತವಾದ ಘಟನೆಗೂ ನಮ್ಮ ಊಹೆಗೂ ಒಂದೇ ರೂಪ ಬಂದುಬಿಡುತ್ತದೆ.

ಆದುದರಿಂದ ಭಾಷಾಂತರದಲ್ಲಿ ಎರಡು ಕೆಲಸಗಳು ಅಗತ್ಯ. ಮೊದಲು, ವಾಕ್ಯದಲ್ಲಿ ‘ಯಾವಾಗ?’ ಎಂಬ ಪ್ರಶ್ನೆಗೆ ಉತ್ತರವಾಗುವ, ಮುಗಿದ ಕಾಲವನ್ನು ಸೂಚಿಸುವ ಪದವಿದೆಯೇ ಎಂದು ನೋಡಬೇಕು. ಇದ್ದರೆ ಸಾಮಾನ್ಯ ಭೂತವನ್ನು ಬಳಸಬೇಕು. ಬಳಿಕ, ಕನ್ನಡದ ರೂಪವು ಊಹೆಯನ್ನು ಸೂಚಿಸುತ್ತಿದ್ದರೆ ಅದನ್ನು ಬೇರೆ ಮಾತಿನಿಂದ ಹೇಳಬೇಕು. ‘ಶಾಸನದಿಂದ ತಿಳಿದುಬರುವಂತೆ’ ಎಂಬರ್ಥದ ಮಾತನ್ನು ಸೇರಿಸಬಹುದು. ಇಲ್ಲವೇ ‘ಮಸ್ಟ್ ಹ್ಯಾವ್’ ಎಂಬ ರೂಪವನ್ನು ಹಿಡಿಯಬಹುದು. ‘ಇಟ್ ಮಸ್ಟ್ ಹ್ಯಾವ್ ರೈನ್ಡ್ ಯೆಸ್ಟರ್ಡೇ’ ಎಂಬುದು ಶುದ್ಧವಾದ ಆಂಗ್ಲವೇ. ‘ಮಸ್ಟ್’ ಮುಂತಾದವುಗಳ ನಂತರ ಭೂತಕಾಲದ ಬೇರೆ ರೂಪವು ಬರಲಾರದಾದ್ದರಿಂದ ‘ಹ್ಯಾವ್’ ಅಲ್ಲಿ ಬರಿಯ ಭೂತವನ್ನೂ ಸೂಚಿಸಬಲ್ಲದು. ‘ಹ್ಯಾಡ್’ ಸೇರಿದ ಪೂರ್ಣಭೂತವೂ ಗತಕಾಲದ ಪದವನ್ನು ತಡೆಯುವುದಿಲ್ಲ. ನಿಷೇಧವಿರುವುದು ವರ್ತಮಾನದ ‘ಹ್ಯಾಸ್’, ‘ಹ್ಯಾವ್’ಗಳಿಗೆ ಮಾತ್ರ.

ಹೀಗಿರುವಲ್ಲಿ ಅಧ್ಯಾಪಕರು ‘ಹ್ಯಾಸ್’ ಅನ್ನು ಹೊಡೆದುಹಾಕಿ ಸುಮ್ಮನಾಗದೆ, ವಿದ್ಯಾರ್ಥಿಯ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯವು ಕಂಡದ್ದನ್ನು ಹೇಳುತ್ತಿತ್ತೋ ಕುರುಹಿನಿಂದ ಅರಿತದ್ದನ್ನು ಹೇಳುತ್ತಿತ್ತೋ ಎಂದು ಕೇಳುವುದು ಯುಕ್ತವೆಂದು ನಮ್ಮ ಅಭಿಪ್ರಾಯ.